ಮೊದಲ ತುತ್ತಿನ ನಂತರದ ಐದು ಸೆಕೆಂಡ್

ಪ್ರಶ್ನೆ: ಊರೂರು ಸುತ್ತಿ ಊಟ ಮಾಡೋ ಶೋಗಳನ್ನ ನಾನು ಒಂದೂ ಬಿಡದೆ ನೋಡ್ತೀನಿ. ಇವಕ್ಕೆ ಹೋಸ್ಟ್‌ನ ಹೇಗೆ ಆರಿಸ್ತಾರೆ? ಅಡುಗೆ ಬರಲೇಬೇಕಾ? ಎಪಿಸೋಡ್ ಎಲ್ಲ ಮೊದಲೇ ಬರೆದಿಟ್ಟಿರ್ತಾರಾ, ಇಲ್ಲಾ ಹೋದ ಕಡೆ ಸಿಕ್ಕಿದ್ದನ್ನ ಶೂಟ್ ಮಾಡ್ತಾರಾ? ನನಗೂ ಒಂದು ಸಲ ಟೆಸ್ಟ್ ಕೊಡೋ ಆಸೆ ಇದೆ.

ಉತ್ತರ: ಅಡುಗೆ ಬರಲೇಬೇಕು ಅಂತೇನಿಲ್ಲ. ಬಂದರೆ ಒಳ್ಳೆಯದೇ, ಆದರೆ ಆಯ್ಕೆ ಆಗುವುದು ಬೇರೆ ಕಾರಣಕ್ಕೆ. ನಾನು ಇಂಥ ಶೋಗಳಲ್ಲಿ ಮೊದಲು ಎಡಿಟಿಂಗ್ ಮಾಡುತ್ತಿದ್ದೆ, ಆಮೇಲೆ ಡೈರೆಕ್ಷನ್‌ಗೆ ಬಂದೆ. ಹಾಗಾಗಿ ಹೋಸ್ಟ್ ಆಗಬೇಕು ಅಂತ ಬಂದವರ ಟೆಸ್ಟ್‌ಗಳನ್ನು ಎರಡೂ ಕಡೆಯಿಂದ ನೋಡಿದ್ದೇನೆ, ಎಡಿಟ್ ಟೇಬಲ್ ಮುಂದೆ ಕೂತು ಮತ್ತು ಕ್ಯಾಮೆರಾ ಪಕ್ಕ ನಿಂತು. ನಿಮ್ಮ ಎರಡು ಪ್ರಶ್ನೆಗಳು ನಿಜಕ್ಕೂ ಒಂದೇ ಪ್ರಶ್ನೆ. ಹೋಸ್ಟ್ ಯಾರು ಅಂತ ತೀರ್ಮಾನ ಆದರೆ ಎಪಿಸೋಡಿನ ಅರ್ಧ ಆಕಾರ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಅದಕ್ಕೇ ಹೋಸ್ಟ್‌ನಿಂದಲೇ ಶುರು ಮಾಡುತ್ತೇನೆ.

ಆಯ್ಕೆಗೆ ಕೂತಾಗ ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಮನುಷ್ಯ ಆ ಊರಿಗೆ ಯಾಕೆ ಹೋಗುತ್ತಾನೆ? ಊಟ ಮಾಡೋಕೆ ಅನ್ನುವುದು ಉತ್ತರವಲ್ಲ, ಊಟ ಎಲ್ಲರೂ ಮಾಡುತ್ತಾರೆ. ಆಂಥೊನಿ ಬೋರ್ಡೇನ್ ವರ್ಷಗಟ್ಟಲೆ ನ್ಯೂಯಾರ್ಕಿನ ಅಡುಗೆಮನೆಗಳಲ್ಲಿ ದುಡಿದವರು. 2000ದಲ್ಲಿ ಅಡುಗೆಮನೆಯ ಒಳಗಿನ ಬದುಕಿನ ಬಗ್ಗೆ ಬರೆದ ಪುಸ್ತಕದಿಂದ ಹೆಸರು ಮಾಡಿದರು, 2002ರಲ್ಲಿ ಅವರ ಮೊದಲ ಟಿವಿ ಶೋ ಬಂತು. ಅಡುಗೆಯವರನ್ನು ತನ್ನ ಜೊತೆ ಕೆಲಸ ಮಾಡುವವರ ಹಾಗೆ ನೋಡುವ ಕಣ್ಣು ಅವರದ್ದಾಗಿತ್ತು, ಅವರು ಹೋಗುತ್ತಿದ್ದುದಕ್ಕೆ ಅದೇ ಕಾರಣ. ಫಿಲ್ ರೋಸೆಂಥಾಲ್ ಅಡುಗೆಯವರೇ ಅಲ್ಲ. ಅವರು ಅಮೆರಿಕದ ಒಂದು ದೊಡ್ಡ ಕಾಮಿಡಿ ಸೀರಿಯಲ್ಲನ್ನು ಹುಟ್ಟುಹಾಕಿದವರು. ಹೊಸ ರುಚಿ ಸಿಕ್ಕಾಗ ಮಕ್ಕಳ ಹಾಗೆ ಖುಷಿಪಡುತ್ತಾರೆ, ಆ ಖುಷಿಯನ್ನು ಇನ್ನೊಬ್ಬರಿಗೆ ಹೇಳದೆ ಇರಲಾರರು. ಅದೂ ಒಂದು ಗಟ್ಟಿ ಕಾರಣ. ಆ್ಯಡಮ್ ರಿಚ್‌ಮನ್ ನಟನೆ ಕಲಿತವರು. 2008ರಲ್ಲಿ ಶುರುವಾದ ‘ಮ್ಯಾನ್ ವರ್ಸಸ್ ಫುಡ್’ ಶೋದಲ್ಲಿ ತಿನ್ನುವುದನ್ನೇ ಪಂದ್ಯ ಮಾಡಿದರು. ಮೂವರೂ ಒಬ್ಬರ ಹಾಗೆ ಒಬ್ಬರಿಲ್ಲ. ಆದರೆ ಯಾರ ಶೋ ನೋಡಿದರೂ ಮೊದಲ ಎರಡು ನಿಮಿಷದಲ್ಲೇ ಇವರು ಇಲ್ಲಿಗೆ ಯಾಕೆ ಬಂದಿದ್ದಾರೆ ಅಂತ ಗೊತ್ತಾಗುತ್ತದೆ. ಟೆಸ್ಟ್‌ಗೆ ಬರುವ ಹೆಚ್ಚಿನವರಲ್ಲಿ ಇದೇ ಇರುವುದಿಲ್ಲ. ಮಾತು ಚೆನ್ನಾಗಿರುತ್ತದೆ, ಮುಖ ಚೆನ್ನಾಗಿರುತ್ತದೆ, ಹೋಗೋಕೆ ಕಾರಣ ಇರುವುದಿಲ್ಲ.

ಎಲ್ಲ ಹೋಸ್ಟ್‌ಗಳೂ ಟೆಸ್ಟ್ ಕೊಟ್ಟೇ ಬರುತ್ತಾರೆ ಅಂತಲೂ ಅಲ್ಲ. ಕೆಲವೊಮ್ಮೆ ಹೋಸ್ಟ್ ತಾನೇ ಐಡಿಯಾ ಹಿಡಿದುಕೊಂಡು ಬರುತ್ತಾನೆ. ಕೆಲವೊಮ್ಮೆ ಬೇರೆಯವರ ಶೋದಲ್ಲಿ ಅತಿಥಿಯಾಗಿ ಕಂಡವನು ಹೋಸ್ಟ್ ಆಗುತ್ತಾನೆ. ಬ್ರಿಟನ್ನಿನ ರಿಕ್ ಸ್ಟೈನ್ ಮೊದಲು ಕಾಣಿಸಿಕೊಂಡದ್ದು ಕೀತ್ ಫ್ಲಾಯ್ಡ್ ಅವರ ಶೋದಲ್ಲಿ, ಸ್ವಂತ ರೆಸ್ಟೋರೆಂಟ್ ಇಟ್ಟುಕೊಂಡಿದ್ದ ಒಬ್ಬ ಅಡುಗೆಯವನಾಗಿ. ಆ ಶೋ ಮಾಡುತ್ತಿದ್ದ ಪ್ರೊಡ್ಯೂಸರ್ ಡೇವಿಡ್ ಪ್ರಿಚರ್ಡ್ ಅವರೇ ಮುಂದೆ ಸ್ಟೈನ್‌ಗೂ ಶೋ ಮಾಡಿದರು. ಇದು ತುಂಬಾ ಒಳ್ಳೆಯ ದಾರಿ ಅನ್ನುವುದು ನನ್ನ ಅನಿಸಿಕೆ. ಅತಿಥಿಯಾಗಿ ಬಂದವನು ಹೋಸ್ಟ್ ಆಗೋಕೆ ಅಂತ ಬಂದಿರುವುದಿಲ್ಲ, ಹಾಗಾಗಿ ತಾನು ಹೇಗಿದ್ದಾನೋ ಹಾಗೇ ಇರುತ್ತಾನೆ.

ಈಗ ಟೆಸ್ಟ್ ಹೇಗೆ ನಡೆಯುತ್ತದೆ ಹೇಳುತ್ತೇನೆ. ಕ್ಯಾಮೆರಾ ನೋಡಿ ಎರಡು ನಿಮಿಷ ಮಾತಾಡಿ ಅಂತ ಎಲ್ಲರೂ ಕೇಳುತ್ತಾರೆ, ಅದರಿಂದ ನನಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ನಾನು ಕಾಯುವುದು ಊಟದ ಟೆಸ್ಟ್‌ಗೆ. ಅಭ್ಯರ್ಥಿಗೆ ಪರಿಚಯವೇ ಇಲ್ಲದ ಒಬ್ಬ ಅಡುಗೆಯವರನ್ನು ಕರೆಸುತ್ತೇವೆ. ಅವರು ಮಾತು ಕಡಿಮೆ ಇರುವವರೇ ಆಗಿರಬೇಕು, ಬೇಕಂತಲೇ ಹಾಗೆ ಆರಿಸುತ್ತೇವೆ. ಇಬ್ಬರನ್ನೂ 20 ನಿಮಿಷ ಒಂದು ಅಡುಗೆಮನೆಯಲ್ಲಿ ಬಿಡುತ್ತೇವೆ. ಆಮೇಲೆ ಊಟ. ಅಷ್ಟೂ ಹೊತ್ತು ಕ್ಯಾಮೆರಾ ನಿಲ್ಲಿಸುವುದಿಲ್ಲ, ನಡುವೆ ನಾವು ಮಾತಾಡುವುದೂ ಇಲ್ಲ.

ಆ ಟೇಪಿನಲ್ಲಿ ನಾನು ಮೊದಲು ನೋಡುವುದು ಮೊದಲ ತುತ್ತು ಬಾಯಿಗೆ ಹೋದ ನಂತರದ ಐದು ಸೆಕೆಂಡ್. ಹೆಚ್ಚಿನವರು ಅಗಿಯುವ ಮೊದಲೇ ಹುಬ್ಬು ಮೇಲೇರಿಸಿ, ತಲೆ ಆಡಿಸಿ, ‘ವಾವ್, ಅದ್ಭುತ’ ಅಂದುಬಿಡುತ್ತಾರೆ. ರುಚಿ ಇನ್ನೂ ನಾಲಿಗೆಗೆ ಸರಿಯಾಗಿ ತಾಗಿಯೇ ಇರುವುದಿಲ್ಲ. ನೋಡುವವರಿಗೆ ಇದು ಗೊತ್ತಾಗುತ್ತದೆ. ಏನು ತಪ್ಪು ಅಂತ ಹೇಳೋಕೆ ಬರದೇ ಇರಬಹುದು, ಆದರೆ ನಂಬಿಕೆ ಅಲ್ಲೇ ಸ್ವಲ್ಪ ಕಳಚಿಕೊಳ್ಳುತ್ತದೆ. ಒಳ್ಳೆಯ ಹೋಸ್ಟ್ ಅಗಿಯುತ್ತಾನೆ. ಸುಮ್ಮನಿರುತ್ತಾನೆ. ಕಣ್ಣು ತಟ್ಟೆ ಕಡೆಗೋ ಅಡುಗೆ ಮಾಡಿದವರ ಕಡೆಗೋ ಹೋಗುತ್ತದೆ. ನುಂಗಿದ ಮೇಲೆ ಬಾಯಿಂದ ಬರುವುದು ಒಂದು ಪ್ರಶ್ನೆ, ‘ಇದರಲ್ಲಿ ಸುಟ್ಟಿದ್ದೇನೋ ಇದೆಯಲ್ಲ, ಏನದು?’ ಅನ್ನುವ ಹಾಗಿರುವುದು. ಹೊಗಳಿಕೆ ಕೇಳಿದ ಅಡುಗೆಯವರು ನಕ್ಕು ಸುಮ್ಮನಾಗುತ್ತಾರೆ. ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕು, ಅಲ್ವಾ? ಅಲ್ಲಿಂದ ಮಾತು ಶುರುವಾಗುತ್ತದೆ, ಸೀನ್ ಅನ್ನುವುದು ಹುಟ್ಟುತ್ತದೆ.

ಒಂದು ಸಲ ನಮ್ಮ ಮುಂದೆ ಕೊನೆಗೆ ಇಬ್ಬರು ಉಳಿದಿದ್ದರು. ಒಬ್ಬರಿಗೆ ಅಡುಗೆಯ ಬಗ್ಗೆ ತುಂಬಾ ತಿಳಿದಿತ್ತು. ತಟ್ಟೆ ಬಂದ ಕೂಡಲೇ ಅದು ಯಾವ ಬಗೆಯದು, ಎಲ್ಲಿಂದ ಬಂದದ್ದು, ಹೇಗೆ ಮಾಡುತ್ತಾರೆ ಎಲ್ಲ ಹೇಳಿದರು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ಪಕ್ಕದಲ್ಲಿ ನಿಂತಿದ್ದ ಅಡುಗೆಯ ಹೆಂಗಸಿಗೆ ಹೇಳೋಕೆ ಏನೂ ಉಳಿಯಲಿಲ್ಲ, ಅವರು ಕೈ ಕಟ್ಟಿಕೊಂಡು ನಿಂತುಬಿಟ್ಟರು. ಇನ್ನೊಬ್ಬರಿಗೆ ಅಷ್ಟೇನೂ ಗೊತ್ತಿರಲಿಲ್ಲ. ಅವರು ಎರಡನೇ ತುತ್ತಿಗೆ ನಿಲ್ಲಿಸಿ, ‘ಅಮ್ಮ, ನೀವು ಇದನ್ನ ಯಾರಿಗಾಗಿ ಮಾಡ್ತೀರಿ?’ ಅಂತ ಕೇಳಿದರು. ಆ ಹೆಂಗಸು ಉತ್ತರ ಹೇಳುವ ಮೊದಲು ಒಲೆ ಸಣ್ಣ ಮಾಡಿದರು. ಆ ಒಂದು ಚಲನೆ ನೋಡಿದಾಗಲೇ ನಮಗೆ ಹೋಸ್ಟ್ ಸಿಕ್ಕಾಯಿತು ಅನ್ನಿಸಿತು. ಕೆಲಸದ ನಡುವೆ ಇದ್ದ ಮನುಷ್ಯರು ಕೆಲಸ ಬದಿಗಿಟ್ಟು ಮಾತಿಗೆ ಬಂದಿದ್ದರು. ತಿಳಿವಳಿಕೆಯನ್ನು ರಿಸರ್ಚ್ ಮಾಡುವವರು ಕೊಡಬಹುದು. ಇದನ್ನು ಯಾರೂ ಕೊಡಲಾಗುವುದಿಲ್ಲ.

ಇನ್ನೊಂದು ಟೆಸ್ಟ್ ಇದೆ, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಒಂದೇ ದಿನದಲ್ಲಿ ಮೂರು ನಾಲ್ಕು ಕಡೆ ತಿನ್ನಿಸುತ್ತೇವೆ. ನಿಜವಾದ ಶೂಟಿಂಗ್ ಹಾಗೇ ಇರುತ್ತದೆ. ಬೆಳಿಗ್ಗೆ ಆರಕ್ಕೆ ಮಾರ್ಕೆಟ್, ಹನ್ನೊಂದಕ್ಕೆ ಯಾರದ್ದೋ ಮನೆ, ಮೂರಕ್ಕೆ ಇನ್ನೊಂದು ಕಡೆ, ರಾತ್ರಿ ರೆಸ್ಟೋರೆಂಟ್. ನಾಲ್ಕನೇ ತಟ್ಟೆಯ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ, ಕಾಲು ನೋಯುತ್ತಿರುತ್ತದೆ. ಆಗಲೂ ಎದುರಿಗಿರುವವರ ಮುಖ ನೋಡಿ ಮಾತಾಡುತ್ತಾನಾ ಅನ್ನುವುದು ಮುಖ್ಯ. ಅನುಭವ ಇರುವ ಹೋಸ್ಟ್‌ಗಳು ಎರಡು ಮೂರು ತುತ್ತಿಗಿಂತ ಜಾಸ್ತಿ ತಿನ್ನುವುದಿಲ್ಲ. ಉಳಿದದ್ದನ್ನು ಶೂಟಿಂಗ್ ತಂಡದವರು ಹಂಚಿಕೊಂಡು ತಿನ್ನುತ್ತಾರೆ. ಯಾವುದಾದರೂ ಪದಾರ್ಥ ಮೈಗೆ ಆಗುವುದಿಲ್ಲ ಅಂತಿದ್ದರೆ ಇಲ್ಲೇ ಹೇಳಿಬಿಡಬೇಕು, ಮುಚ್ಚಿಟ್ಟು ಲೊಕೇಶನ್‌ನಲ್ಲಿ ಮೈ ಊದಿಸಿಕೊಂಡರೆ ಇಡೀ ದಿನದ ಕೆಲಸ ಹಾಳು.

ಇದೆಲ್ಲ ಆದ ಮೇಲೂ ಕೊನೆಯ ಮಾತು ಚಾನೆಲ್ಲಿನದು. ಈಗಾಗಲೇ ಜನಕ್ಕೆ ಗೊತ್ತಿರುವ ಮುಖ ಬೇಕು ಅಂತಾರೆ, ಎಷ್ಟು ಫಾಲೋವರ್ಸ್ ಇದ್ದಾರೆ ಅಂತ ಕೇಳುತ್ತಾರೆ. ಹಣ ಹಾಕುವವರ ಭಯ ನನಗೆ ಅರ್ಥ ಆಗುತ್ತದೆ. ಆದರೆ ಟೇಪಿನಲ್ಲಿ ಚೆನ್ನಾಗಿ ಬಂದವರನ್ನು ಬಿಟ್ಟು ಹೆಸರಿದ್ದವರನ್ನು ತೆಗೆದುಕೊಂಡಾಗ ಎಡಿಟ್ ಟೇಬಲ್ಲಿನಲ್ಲಿ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಪ್ರತಿ ಸೀನಿಗೂ ವಾಯ್ಸ್ ಓವರ್ ಬರೆದು ತುಂಬಿಸಬೇಕಾಗುತ್ತದೆ, ಯಾಕೆಂದರೆ ಸೀನಿನ ಒಳಗೆ ಮಾತೇ ಹುಟ್ಟಿರುವುದಿಲ್ಲ.

ಇನ್ನು ಎಪಿಸೋಡಿಗೆ ಬರೋಣ. ಹೋಸ್ಟ್‌ನಿಂದ ಆಕಾರ ಬರುತ್ತದೆ ಅಂದೆನಲ್ಲ, ಮೇಲಿನ ಮೂರು ಶೋಗಳನ್ನೇ ನೋಡಿ. ‘ಮ್ಯಾನ್ ವರ್ಸಸ್ ಫುಡ್’ ನಲ್ಲಿ ಮೊದಲು ಊರಿನ ಒಂದೆರಡು ಹೋಟೆಲು, ಕೊನೆಯಲ್ಲಿ ಪಂದ್ಯ. ಗೆಲ್ಲುತ್ತಾನಾ ಸೋಲುತ್ತಾನಾ ಅನ್ನುವುದೇ ಕೊನೆಯವರೆಗೂ ಕೂರಿಸುತ್ತದೆ. ಫಿಲ್ ಅವರ ಶೋದಲ್ಲಿ ಎಪಿಸೋಡಿನ ಕೊನೆಗೆ ಮನೆಗೆ ವಿಡಿಯೋ ಕಾಲ್ ಮಾಡಿ ವಯಸ್ಸಾದ ಅಪ್ಪ ಅಮ್ಮನ ಜೊತೆ ಮಾತಾಡುತ್ತಿದ್ದರು. ಖುಷಿಯನ್ನು ಹಂಚಿಕೊಳ್ಳುವ ಮನುಷ್ಯನ ಶೋ ಮುಗಿಯಬೇಕಾದದ್ದು ಹಾಗೆಯೇ. ಬೋರ್ಡೇನ್ ಬರಹಗಾರ, ಹಾಗಾಗಿ ಅವರ ಎಪಿಸೋಡಿನ ಬೆನ್ನೆಲುಬು ಅವರೇ ಬರೆದು ಓದಿದ ವಾಯ್ಸ್ ಓವರ್. ಒಬ್ಬರ ಆಕಾರವನ್ನು ಇನ್ನೊಬ್ಬರಿಗೆ ತೊಡಿಸಿದರೆ ನಿಲ್ಲುವುದಿಲ್ಲ. ಬೋರ್ಡೇನ್ ಥರ ಗಂಭೀರವಾಗಿ ವಾಯ್ಸ್ ಓವರ್ ಓದುವ ಹೊಸ ಹೋಸ್ಟ್‌ಗಳು ತುಂಬಾ ಜನ ಬಂದರು, ಹೆಚ್ಚಿನವರದ್ದು ಯಾಕೆ ಹಿಡಿಸಲಿಲ್ಲ ಅಂದರೆ ಕಾರಣ ಇದೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಎಪಿಸೋಡನ್ನು ಮೊದಲೇ ಬರೆದಿರುತ್ತೇವೆ, ಆದರೆ ಮಾತುಗಳನ್ನಲ್ಲ. ಯಾವ ಸೀನ್, ಎಲ್ಲಿ, ಯಾರ ಜೊತೆ, ಆ ಸೀನಿನಿಂದ ಏನು ಸಿಗಬೇಕು, ಇಷ್ಟು ಕಾಗದದ ಮೇಲೆ ಇರುತ್ತದೆ. ಇದಕ್ಕೆ ಬೀಟ್ ಶೀಟ್ ಅಂತಾರೆ. ಜಾಹೀರಾತು ಇರುವ ಚಾನೆಲ್ಲಿನ ಒಂದು ಗಂಟೆ ಅಂದರೆ ನಮ್ಮ ಕೈಗೆ ಸಿಗುವುದು ಸುಮಾರು 42ರಿಂದ 44 ನಿಮಿಷ. ಒಂದು ಊಟದ ಸೀನಿಗೆ ಐದಾರು ನಿಮಿಷ ಬೇಕು. ಅಂದರೆ ಹೆಚ್ಚೆಂದರೆ ಏಳು ದೊಡ್ಡ ಸೀನು, ನಡುವೆ ಉಸಿರಾಡೋಕೆ ಸಣ್ಣಪುಟ್ಟವು. ಜನ ‘ಆ ಊರಲ್ಲಿ ಇಂಥ ಹೋಟೆಲ್ ಬಿಟ್ಟುಬಿಟ್ಟಿರಲ್ಲ’ ಅಂತ ಬೈಯುತ್ತಾರೆ. ಜಾಗ ಇರುವುದು ಏಳಕ್ಕೆ ಮಾತ್ರ.

ಆ ಏಳನ್ನು ಹೇಗೆ ಜೋಡಿಸುತ್ತೇವೆ ಅಂತ ನಾನು ಮಾಡಿದ ಒಂದು ಎಪಿಸೋಡಿನಿಂದಲೇ ತೋರಿಸುತ್ತೇನೆ. ಅದು ಒಂದು ಬಂದರು ಊರು. ಶೂಟಿಂಗಿಗೆ ಎರಡು ತಿಂಗಳ ಮೊದಲು ಅಲ್ಲಿನ ಫಿಕ್ಸರ್ ಜೊತೆ ಫೋನಿನಲ್ಲಿ ಮಾತು ಶುರು. ಫಿಕ್ಸರ್ ಅಂದರೆ ಅದೇ ಊರಿನವರು, ಜನರ ಪರಿಚಯ ಇರುವವರು, ಪರ್ಮಿಶನ್ ಮಾಡಿಸಿಕೊಡುವವರು, ಬೇಕಾದರೆ ಮಾತು ತರ್ಜುಮೆ ಮಾಡುವವರು. ಇಂಥ ಶೋಗಳ ಅರ್ಧ ಗುಣ ಫಿಕ್ಸರ್ ಮೇಲೆ ನಿಂತಿರುತ್ತದೆ, ಆದರೆ ಅವರ ಹೆಸರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಓಡಿಹೋಗುತ್ತದೆ, ಇದು ನನಗೆ ಯಾವತ್ತೂ ಬೇಸರದ ವಿಷಯ. ಆ ಫಿಕ್ಸರ್ ಮೊದಲು ಒಂದು ಉದ್ದ ಪಟ್ಟಿ ಕಳಿಸಿದರು, ಒಳ್ಳೆಯ ಊಟ ಸಿಗುವ ಜಾಗಗಳದ್ದು. ನಾವು ಕೇಳಿದ್ದು ಬೇರೆ: ಈ ಊರಲ್ಲಿ ಈಗ ಜನ ಯಾವುದರ ಬಗ್ಗೆ ವಾದ ಮಾಡುತ್ತಿದ್ದಾರೆ? ಅವರು ತಕ್ಷಣ ಹೇಳಿದರು, ದೋಣಿ ಇದ್ದವರ ಮಕ್ಕಳು ದೋಣಿ ಹತ್ತುವುದಿಲ್ಲ, ಎಲ್ಲರೂ ರೆಸ್ಟೋರೆಂಟ್ ಕೆಲಸಕ್ಕೆ ಹೋಗುತ್ತಿದ್ದಾರೆ, ಮೀನು ಹೊರಗಿನಿಂದ ಬರುತ್ತಿದೆ. ನಮಗೆ ಎಪಿಸೋಡಿನ ಪ್ರಶ್ನೆ ಸಿಕ್ಕಿತು. ಮೀನು ಹಿಡಿಯುವವರೇ ಇಲ್ಲದ ಬಂದರಿನಲ್ಲಿ ಮೀನಿನ ಅಡುಗೆ ಎಷ್ಟು ದಿನ ಉಳಿಯುತ್ತದೆ? ಆ ಪ್ರಶ್ನೆ ಸಿಕ್ಕ ಮೇಲೆ ಉದ್ದ ಪಟ್ಟಿಯಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಬಿದ್ದುಹೋಯಿತು.

ಕಾಗದದ ಮೇಲೆ ಹೀಗೆ ಜೋಡಿಸಿದೆವು. ಮೊದಲು ಬೆಳಗಿನ ಜಾವದ ದೋಣಿ. ಆಮೇಲೆ ಹರಾಜು ಕಟ್ಟೆ. ಮೂರನೆಯದು ಬಂದರಿನ ಪಕ್ಕದ ಸಣ್ಣ ಅಂಗಡಿ, ಅಲ್ಲಿ ಮೊದಲ ದೊಡ್ಡ ಊಟ. ನಂತರ ಊಟವೇ ಇಲ್ಲದ ಒಂದು ಸೀನ್, ದೋಣಿ ರಿಪೇರಿ ಮಾಡುವವರ ಶೆಡ್. ಐದನೆಯದು ಊರಿನ ದುಬಾರಿ ರೆಸ್ಟೋರೆಂಟ್. ಆರನೆಯದು ಅಲ್ಲಿ ಕೆಲಸ ಮಾಡುವ ಹುಡುಗನ ಮನೆ, ಅವನ ಅಜ್ಜಿ ಮಾಡುವ ಸೂಪ್. ಕೊನೆಗೆ ಮತ್ತೆ ಬಂದರು, ಸಂಜೆ. ಗಮನಿಸಿ, ಎರಡು ಊಟದ ಸೀನು ಪಕ್ಕಪಕ್ಕ ಬಂದದ್ದು ಒಂದೇ ಕಡೆ, ಅದೂ ಬೇಕಂತಲೇ. ರೆಸ್ಟೋರೆಂಟಿನ ತಟ್ಟೆ ಆದ ಕೂಡಲೇ ಅದೇ ಹುಡುಗನ ಮನೆಯ ತಟ್ಟೆ ಬರಬೇಕು, ಎರಡನ್ನೂ ನೋಡುವವರು ತಾವೇ ಹೋಲಿಸಿಕೊಳ್ಳಲಿ ಅಂತ. ಉಳಿದ ಕಡೆ ಊಟ, ನಡಿಗೆ, ಊಟ, ಕೆಲಸ ಅಂತ ಅದಲುಬದಲು ಆಗಬೇಕು. ಮೂರು ಊಟ ಒಂದರ ಹಿಂದೆ ಒಂದು ಬಂದರೆ ನೋಡುವವರ ಹೊಟ್ಟೆಯೂ ತುಂಬಿಬಿಡುತ್ತದೆ. ಮೂರನೆಯದು ಎಷ್ಟೇ ರುಚಿಯಾಗಿದ್ದರೂ ಕಣ್ಣಿಗೆ ಹಿಡಿಸುವುದಿಲ್ಲ.

ಬ್ರೇಕುಗಳೂ ಇದರಲ್ಲೇ ಸೇರಿರುತ್ತವೆ. ಬ್ರೇಕಿಗೆ ಹೋಗುವ ಮೊದಲು ಒಂದು ವಿಷಯ ಅರ್ಧಕ್ಕೆ ನಿಂತಿರಬೇಕು. ಊಟ ಬಂದ ತಕ್ಷಣ ಬ್ರೇಕ್ ಕೊಡುವುದು ಹಳೆಯ ಪಟ್ಟು, ನನಗೆ ಅದು ಇಷ್ಟವಿಲ್ಲ. ಯಾರಾದರೂ ಒಂದು ಮಾತು ಹೇಳಿ ಸುಮ್ಮನಾದ ಜಾಗ ಸಿಕ್ಕರೆ ಅಲ್ಲಿ ಕತ್ತರಿಸುವುದು ಒಳ್ಳೆಯದು.

ಈಗ ಅಜ್ಜಿಯ ಸೂಪಿನ ಸೀನ್ ಒಂದನ್ನೇ ಹತ್ತಿರದಿಂದ ನೋಡೋಣ. ಟಿವಿಯಲ್ಲಿ ಅದು ಆರು ನಿಮಿಷ. ನಾವು ಆ ಮನೆಯಲ್ಲಿ ಇದ್ದದ್ದು ಸುಮಾರು ಐದು ಗಂಟೆ. ಹೋಸ್ಟ್ ಬರುವುದಕ್ಕೆ ಎರಡು ಗಂಟೆ ಮೊದಲೇ ನಾವು ಹೋಗಿ ಲೈಟು ನೋಡಿ, ಫ್ರಿಜ್ಜಿನ ಪ್ಲಗ್ ತೆಗೆಸಿ, ಅಜ್ಜಿಗೆ ಕಾಲರ್ ಮೈಕ್ ಹಾಕಿದೆವು. ಫ್ರಿಜ್ ಯಾಕೆ ಅಂದರೆ ಅದರ ಗುಂಯ್ ಅನ್ನುವ ಸದ್ದು ಬಂದುಹೋಗಿ ಮಾಡುತ್ತದೆ, ಎಡಿಟ್ ಮಾಡುವಾಗ ಒಂದು ಮಾತಿನ ಹಿಂದೆ ಸದ್ದು ಇದ್ದು ಇನ್ನೊಂದರ ಹಿಂದೆ ಇಲ್ಲದೇ ಹೋದರೆ ಕತ್ತರಿಸಿದ ಜಾಗ ಕಿವಿಗೆ ಹೊಡೆಯುತ್ತದೆ. ಪ್ಲಗ್ ತೆಗೆದವರು ತಮ್ಮ ಗಾಡಿಯ ಕೀಲಿಯನ್ನು ಫ್ರಿಜ್ಜಿನ ಒಳಗೆ ಇಡುತ್ತಾರೆ. ಹಾಗೆ ಮಾಡಿದರೆ ಮತ್ತೆ ಪ್ಲಗ್ ಹಾಕದೆ ಯಾರೂ ಹೊರಡಲಾಗುವುದಿಲ್ಲ. ಹಿನ್ನೆಲೆಯಲ್ಲಿ ರೇಡಿಯೋ ಹಾಡು ಇದ್ದರೆ ಅದನ್ನೂ ನಿಲ್ಲಿಸಬೇಕು, ಹಕ್ಕು ಇಲ್ಲದ ಹಾಡು ಮಾತಿನ ಜೊತೆ ಸೇರಿಕೊಂಡರೆ ಆ ಮಾತೂ ಕೈಬಿಟ್ಟ ಹಾಗೆ.

ಅಜ್ಜಿ ಮತ್ತು ಹೋಸ್ಟ್ ಅಲ್ಲಿಯವರೆಗೆ ಮುಖ ನೋಡಿರುವುದಿಲ್ಲ. ಇದನ್ನು ನಾವು ಗಟ್ಟಿಯಾಗಿ ಪಾಲಿಸುತ್ತೇವೆ. ಮೊದಲ ನಮಸ್ಕಾರ ಕ್ಯಾಮೆರಾ ಮುಂದೆಯೇ ಆಗಬೇಕು. ಆಮೇಲೆ ಅಡುಗೆ, ಇಬ್ಬರೂ ಒಲೆ ಹತ್ತಿರ ನಿಂತು ಮಾತಾಡುತ್ತಾ. ನಮ್ಮಲ್ಲಿ ಎರಡು ಕ್ಯಾಮೆರಾ, ಒಂದು ಹೋಸ್ಟ್ ಮುಖದ ಮೇಲೆ, ಇನ್ನೊಂದು ಅಜ್ಜಿಯ ಮುಖ ಮತ್ತು ಕೈಗಳ ಮೇಲೆ. ಆಮೇಲೆ ಊಟ. ಮೊದಲ ತುತ್ತು ಒಂದೇ ಸಲ, ಅದನ್ನು ಮತ್ತೆ ತೆಗೆಯುವುದಿಲ್ಲ. ಎರಡನೇ ಸಲ ತೆಗೆದ ಮೊದಲ ತುತ್ತು ಮೊದಲ ತುತ್ತಾಗಿರುವುದಿಲ್ಲ, ಟೆಸ್ಟ್‌ನಲ್ಲಿ ನಾವು ಹುಡುಕಿದ ಆ ಐದು ಸೆಕೆಂಡ್ ಅದರಲ್ಲಿ ಸಿಗುವುದಿಲ್ಲ. ಊಟ ಮುಗಿದು ಹೋಸ್ಟ್ ಹೊರಗೆ ಹೋದ ಮೇಲೆ ಕ್ಯಾಮೆರಾದವರ ಎರಡನೇ ಪಾಳಿ ಶುರು. ಇನ್ನೊಂದು ಬಟ್ಟಲು ತುಂಬಿಸಿ, ಕಿಟಕಿಯ ಹತ್ತಿರ ಇಟ್ಟು, ಆವಿ ಏಳುವುದು, ಚಮಚ ಮುಳುಗುವುದು, ಸೊಪ್ಪು ಕತ್ತರಿಸುವುದು, ಎಲ್ಲ ಕ್ಲೋಸಪ್ಪಿನಲ್ಲಿ. ನೀವು ನೋಡುವ ಆ ಬಾಯಲ್ಲಿ ನೀರೂರಿಸುವ ಬಟ್ಟಲು ಹೋಸ್ಟ್ ತಿಂದ ಬಟ್ಟಲಲ್ಲ. ಅವನು ತಿಂದದ್ದು ಮಾತಾಡಿ ಮಾತಾಡಿ ಆರಿಹೋಗಿರುತ್ತದೆ.

ಅವತ್ತು ಒಂದು ತಪ್ಪಾಯಿತು, ನನ್ನದೇ ತಪ್ಪು. ಎರಡು ವಾರ ಮೊದಲು ರೆಕ್ಕಿಗೆ, ಅಂದರೆ ಜಾಗ ನೋಡೋಕೆ ಹೋದಾಗ, ನಾನು ಅಜ್ಜಿಯನ್ನು ಅವರ ಗಂಡನ ದೋಣಿ ಮಾರಿದ ದಿನದ ಬಗ್ಗೆ ಕೇಳಿದ್ದೆ. ಅವರು ಎಲ್ಲ ಬಿಡಿಸಿ ಹೇಳಿದ್ದರು, ಕಣ್ಣಲ್ಲಿ ನೀರು ಬಂದಿತ್ತು. ಕ್ಯಾಮೆರಾ ಇರಲಿಲ್ಲ. ಶೂಟಿಂಗ್ ದಿನ ಹೋಸ್ಟ್ ಅದೇ ಪ್ರಶ್ನೆ ಕೇಳಿದಾಗ ಅಜ್ಜಿ ನನ್ನ ಕಡೆ ತಿರುಗಿ, ‘ಮೊನ್ನೆ ಇವರಿಗೆ ಹೇಳಿದೆನಲ್ಲ’ ಅಂದರು. ಅಷ್ಟೇ. ಮತ್ತೆ ಕೇಳಿದರೆ ಎರಡು ವಾಕ್ಯದಲ್ಲಿ ಮುಗಿಸಿದರು. ಅವರ ದೃಷ್ಟಿಯಲ್ಲಿ ಅದು ಹೇಳಿ ಆಗಿದ್ದ ಮಾತು. ಅಂದಿನಿಂದ ರೆಕ್ಕಿಯಲ್ಲಿ ನಾನು ಜಾಗ, ಬೆಳಕು, ಅಡುಗೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಇಷ್ಟನ್ನೇ ಕೇಳುತ್ತೇನೆ. ಕಥೆ ಇದೆ ಅಂತ ವಾಸನೆ ಬಂದರೆ ಅಲ್ಲೇ ಮಾತು ನಿಲ್ಲಿಸುತ್ತೇನೆ.

ಇನ್ನೊಂದು ನಮ್ಮ ಕೈಯಲ್ಲಿ ಇಲ್ಲದ್ದು. ದೋಣಿಯ ಸೀನಿಗೆ ಇಟ್ಟಿದ್ದ ಎರಡು ಬೆಳಗೂ ಗಾಳಿ ಜೋರಾಗಿ ದೋಣಿ ಹೊರಡಲೇ ಇಲ್ಲ. ಆರು ದಿನದ ಶೂಟಿಂಗಿನಲ್ಲಿ ನಮಗೆ ಸಿಕ್ಕಿದ್ದು 40 ಗಂಟೆಗಿಂತ ಜಾಸ್ತಿ ಫುಟೇಜ್, ಆದರೆ ಎಪಿಸೋಡಿನ ಮೊದಲ ಸೀನೇ ಇಲ್ಲ. ಎಡಿಟ್‌ಗೆ ಕೂತಾಗ, ಶೂಟಿಂಗಿನಲ್ಲಿ ಆಡಿದ್ದ ಪ್ರತಿ ಮಾತನ್ನೂ ಕಾಗದದ ಮೇಲೆ ಬರೆಸಿ, ಗೋಡೆಗೆ ಸೀನಿಗೊಂದು ಚೀಟಿ ಅಂಟಿಸಿ, ಮೂರು ದಿನ ಚೀಟಿಗಳನ್ನು ಹಿಂದೆ ಮುಂದೆ ಮಾಡಿದೆವು. ಕೊನೆಗೆ ದೋಣಿ ರಿಪೇರಿ ಶೆಡ್ಡನ್ನು ಮೊದಲಿಗೆ ತಂದೆವು. ನೀರಿಗೆ ಇಳಿಯದ ದೋಣಿಯಿಂದ ಎಪಿಸೋಡ್ ಶುರುವಾಯಿತು. ನಿಜ ಹೇಳಬೇಕೆಂದರೆ ನಾವು ಬರೆದುಕೊಂಡಿದ್ದಕ್ಕಿಂತ ಅದೇ ಸರಿಯಾಗಿತ್ತು, ಯಾಕೆಂದರೆ ನಮ್ಮ ಪ್ರಶ್ನೆ ಅಲ್ಲಿ ಕಣ್ಣಿಗೇ ಕಾಣುತ್ತಿತ್ತು. ವಾಯ್ಸ್ ಓವರ್ ಬರೆದದ್ದು ಇದೆಲ್ಲ ಆದ ಮೇಲೆ. ಮೊದಲು ಎಡಿಟರ್ ತನ್ನದೇ ದನಿಯಲ್ಲಿ ಕಚ್ಚಾ ಸಾಲುಗಳನ್ನು ಓದಿ ಹಾಕುತ್ತಾನೆ, ಸೀನ್ ನಿಂತಿತು ಅನ್ನಿಸಿದಾಗ ಹೋಸ್ಟ್ ಬಂದು ಅದನ್ನು ತನ್ನ ಮಾತಿಗೆ ತಿರುಗಿಸಿ ಓದುತ್ತಾನೆ.

ಸಿಕ್ಕಿದ್ದನ್ನೇ ಶೂಟ್ ಮಾಡಿದ ಎಪಿಸೋಡುಗಳೂ ಇವೆ. 2006ರಲ್ಲಿ ಬೋರ್ಡೇನ್ ತಂಡ ಲೆಬನಾನಿನ ಬೈರೂತ್‌ಗೆ ಹೋಗಿ ಕೆಲಸ ಶುರು ಮಾಡಿದ ಹೊತ್ತಿಗೇ ಯುದ್ಧ ಶುರುವಾಯಿತು. ಊಟದ ಶೋ ಅಲ್ಲಿಗೇ ನಿಂತಿತು. ಹೋಟೆಲಿನಲ್ಲಿ ಸಿಕ್ಕಿಹಾಕಿಕೊಂಡು ಕಾಯುವುದು, ಕೊನೆಗೆ ಅಮೆರಿಕದ ಹಡಗಿನಲ್ಲಿ ಹೊರಬೀಳುವುದು, ಅದೇ ಎಪಿಸೋಡ್ ಆಯಿತು. ಅಲ್ಲಿ ಬೀಟ್ ಶೀಟ್ ಕೆಲಸಕ್ಕೆ ಬರಲಿಲ್ಲ, ಆದರೆ ಹೋಸ್ಟ್ ತನ್ನ ಸುತ್ತ ಇದ್ದವರನ್ನು ನೋಡುವ ರೀತಿ ಬಂತು. ಆಯ್ಕೆ ಮಾಡುವಾಗ ಅಷ್ಟು ಹುಡುಕುವುದು ಇಂಥ ದಿನಕ್ಕೇ.

ಇದೆಲ್ಲ ಕೇಳಿದರೆ ‘ಹಾಗಾದ್ರೆ ಸುಳ್ಳೇ ತೋರಿಸ್ತೀರಾ’ ಅನ್ನಿಸಬಹುದು. ಗೆರೆ ಎಲ್ಲಿ ಎಳೆಯುತ್ತೇನೆ ಅಂತ ಹೇಳುತ್ತೇನೆ. ಸೀನುಗಳ ಕ್ರಮ ಬದಲಿಸುವುದು, ಬೇರೆ ಬಟ್ಟಲಿನ ಕ್ಲೋಸಪ್ ಹಾಕುವುದು ನನಗೆ ಒಪ್ಪಿಗೆ. ಹೋಸ್ಟ್ ಯಾವುದೋ ತಟ್ಟೆಗೆ ತೋರಿಸಿದ ಮುಖವನ್ನು ಇನ್ನೊಂದು ತಟ್ಟೆಗೆ ಅಂಟಿಸುವುದು, ಯಾರೋ ಹೇಳಿದ ಮಾತನ್ನು ಬೇರೆ ಪ್ರಶ್ನೆಗೆ ಉತ್ತರ ಮಾಡುವುದು ಒಪ್ಪಿಗೆಯಿಲ್ಲ. ನೀವೇ ಕಂಡುಹಿಡಿಯಬಹುದು. ಹೋಸ್ಟ್ ದಾರಿಯಲ್ಲಿ ಹೋಗುತ್ತಾ ‘ಅಕಸ್ಮಾತ್ತಾಗಿ’ ಒಂದು ಅಂಗಡಿಗೆ ನುಗ್ಗಿದಾಗ ಕ್ಯಾಮೆರಾ ಅಂಗಡಿಯ ಒಳಗಿನಿಂದ ಅವನನ್ನು ತೋರಿಸುತ್ತಿದ್ದರೆ ಅದು ಅಕಸ್ಮಾತ್ತಲ್ಲ. ತಿಂದು ಹೊಗಳುವ ಮುಖದ ಶಾಟಿನಲ್ಲಿ ತಟ್ಟೆಯೇ ಕಾಣದಿದ್ದರೆ, ಹಿಂದಿನ ಶಾಟಿಗೂ ಇದಕ್ಕೂ ಗೋಡೆಯ ಮೇಲಿನ ನೆರಳು ಬೇರೆ ಕಡೆ ಬಿದ್ದಿದ್ದರೆ, ಆ ಮುಖ ಬೇರೆ ಹೊತ್ತಿನದ್ದು ಇರಬಹುದು.

ಟೆಸ್ಟ್ ಕೊಡೋ ಆಸೆ ಇದೆ ಅಂದಿರಲ್ಲ, ನನಗೆ ಬರುವ ವಿಡಿಯೋಗಳಲ್ಲಿ ಒಂದು ಸಲಕ್ಕೆ ಮುಚ್ಚಿಬಿಡುವಂಥವೇ ಹೆಚ್ಚು. ಡ್ರೋನ್ ಶಾಟು, ಜೋರು ಸಂಗೀತ, ಸೆಕೆಂಡಿಗೊಂದು ಕಟ್ಟು, ಅದರ ನಡುವೆ ಹೋಸ್ಟ್ ಆಗಬೇಕಾದವರ ನಗು. ನಿಮ್ಮ ಬಗ್ಗೆ ಅದರಲ್ಲಿ ನನಗೆ ಏನೂ ತಿಳಿಯುವುದಿಲ್ಲ. ಬದಲಿಗೆ ನಿಮಗೆ ಪರಿಚಯ ಇಲ್ಲದ, ಅಡುಗೆ ಮಾಡಿ ಬದುಕುವ ಯಾರನ್ನಾದರೂ ಅವರಿಗೆ ಬಿಡುವಿದ್ದ ಹೊತ್ತಿನಲ್ಲಿ ಒಪ್ಪಿಗೆ ಕೇಳಿ. ಫೋನನ್ನು ಒಂದು ಕಡೆ ಗಟ್ಟಿಯಾಗಿ ನಿಲ್ಲಿಸಿ, ಇಬ್ಬರೂ ಕಾಣುವ ಹಾಗೆ. ಒಂದು ಕಾಲರ್ ಮೈಕ್ ಸಿಕ್ಕರೆ ಅದನ್ನು ಅವರಿಗೇ ಹಾಕಿ, ನಿಮ್ಮ ದನಿ ಹೇಗೂ ಕೇಳುತ್ತದೆ. ಹತ್ತು ನಿಮಿಷ ಓಡಲಿ. ಕಳಿಸುವಾಗ ಒಂದೇ ತುಂಡು ಮೂರು ನಿಮಿಷ ಕಳಿಸಿ, ಮಧ್ಯೆ ಎಲ್ಲೂ ಕತ್ತರಿಸದೆ, ಮೊದಲ ತುತ್ತು ಅದರೊಳಗೆ ಇರುವ ಹಾಗೆ. ಆ ತುತ್ತಿನ ನಂತರ ನೀವು ಸುಮ್ಮನೆ ಕೂತ ಭಾಗ ಬೋರ್ ಹೊಡೆಸುತ್ತದೆ ಅನ್ನಿಸಿ ತೆಗೆಯೋಣ ಅಂತ ಕೈ ಹೋಗುತ್ತದೆ. ಅದನ್ನು ಮಾತ್ರ ತೆಗೆಯಬೇಡಿ.